ಪೋಯ ದಿನದ ಎಂಟು ಶೀಲ: ಬಿಳಿ ಸೀರೆ, ನಡುಹಗಲಿನ ಗಡಿ, ಸಂಜೆಯ ಪಾನೀಯ

ಪ್ರಶ್ನೆ: ನಮ್ಮದು ಹಾಸನ. ಯಜಮಾನರ ಕೆಲಸದ ಕಾರಣ ಈಗ ಕೊಲಂಬೊದಲ್ಲಿದ್ದೇವೆ. ವೆಸಾಕ್ ಹುಣ್ಣಿಮೆಯಂದು ವಿಹಾರಕ್ಕೆ ಬಂದು 'ಸಿಲ್' ತೆಗೆದುಕೊಳ್ಳಿ ಎಂದು ಪಕ್ಕದ ಮನೆಯ ಹಿರಿಯರು ಕರೆದಿದ್ದಾರೆ. ಬಿಳಿ ಬಟ್ಟೆಯೇ ಆಗಬೇಕಂತೆ, ಮಧ್ಯಾಹ್ನದ ಮೇಲೆ ಊಟವಿಲ್ಲವಂತೆ. ಮುತ್ತೈದೆಯಾದ ನಾನು ಬಿಳಿ ಸೀರೆ ಉಡಬಹುದೇ? ತಾಳಿ ತೆಗೆಯಬೇಕೇ? ಊಟ ಮುಗಿಸಬೇಕಾದದ್ದು ಗಡಿಯಾರದ ಹನ್ನೆರಡಕ್ಕೋ? ಸಂಜೆ ಎಳನೀರು, ಮಜ್ಜಿಗೆ ಕುಡಿಯಬಹುದೇ? ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯ ಮೇಲಿದ್ದೇನೆ.

ಉತ್ತರ: ಊಟದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಹೋದವರು ಎಡವುವುದು ಅಲ್ಲೇ. ನಮಗೆ ವ್ರತ ಎಂದೊಡನೆ ಏಕಾದಶಿ ನೆನಪಾಗುತ್ತದೆ. ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ವಿಹಾರಕ್ಕೆ ಹೋಗಿಬಿಡುತ್ತೇವೆ. ಹುಣ್ಣಿಮೆಯಂಥ ವ್ರತದ ದಿನಗಳಿಗೆ ಅಲ್ಲಿ ಪೋಯ ಎನ್ನುತ್ತಾರೆ. ಆ ದಿನದ 'ಅಟ ಸಿಲ್', ಅಂದರೆ ಎಂಟು ಶೀಲಗಳಲ್ಲಿ, ಉಪವಾಸ ಎಲ್ಲಿಯೂ ಇಲ್ಲ. ಆರನೆಯ ಶೀಲದಲ್ಲಿ ನೀವು ಹೇಳುವ ಮಾತು ಇಷ್ಟೇ: 'ವಿಕಾಲಭೋಜನಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ'. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದಿಲ್ಲ ಎಂಬ ನೇಮವನ್ನು ಕೈಗೊಳ್ಳುತ್ತೇನೆ ಎಂದು. ಸೂರ್ಯ ನೆತ್ತಿಗೆ ಬಂದ ಕ್ಷಣದಿಂದ ಮರುದಿನದ ಅರುಣೋದಯದವರೆಗೆ ಹೊತ್ತಲ್ಲದ ಹೊತ್ತು. ಅರುಣೋದಯದಿಂದ ನಡುಹಗಲಿನವರೆಗೆ ಎಷ್ಟು ಸಲ ಉಂಡರೂ ಶೀಲಕ್ಕೆ ಭಂಗವಿಲ್ಲ. ಬುದ್ಧನ ಉಪದೇಶಗಳಾದ ಸುತ್ತಗಳಲ್ಲಿ, ಮುಕ್ತಿ ಪಡೆದ ಅರಹಂತರು 'ಒಂದೇ ಊಟದವರು, ರಾತ್ರಿ ಉಣ್ಣದವರು' ಎಂಬ ಮಾತು ಬರುತ್ತದೆ ನಿಜ. ಅದು ನಡುಹಗಲಿನ ಒಳಗಿನ ಊಟಕ್ಕೆ ಹೇಳಿದ್ದು, ಆ ಅವಧಿಯಲ್ಲಿ ಎರಡು ಮೂರು ಸಲ ಉಂಡರೂ ಒಂದೇ ಎಂದು ಅವುಗಳ ವ್ಯಾಖ್ಯಾನಗಳಾದ ಅಟ್ಠಕಥೆಗಳು ಬಿಡಿಸಿ ಹೇಳುತ್ತವೆ. ಹಾಗಾಗಿ ವಿಹಾರದಲ್ಲಿ ಬೆಳಗ್ಗೆ ಶೀಲ ಪಡೆದ ಮೇಲೆ 'ಹೀಲ್ ದಾನ' ಎಂಬ ಬೆಳಗಿನ ಊಟ ಬಂದರೆ ಸಂಕೋಚವಿಲ್ಲದೆ ಉಣ್ಣಿ. ಹನ್ನೊಂದರ ಹೊತ್ತಿಗೆ ಭಿಕ್ಷುಗಳದ್ದಾದ ಮೇಲೆ 'ದವಲ್ ದಾನ', ಅಂದರೆ ಹಗಲೂಟ, ನಿಮಗೂ ಬರುತ್ತದೆ. ಅದೇ ಆ ದಿನದ ಕೊನೆಯ ಊಟ.

ಇನ್ನು ಗಡಿಯಾರದ ಪ್ರಶ್ನೆ. ನಡುಹಗಲು ಎಂದರೆ ನೀವಿರುವ ಊರಿನಲ್ಲಿ ಸೂರ್ಯ ನೆತ್ತಿ ದಾಟುವ ಹೊತ್ತು. ಗಡಿಯಾರದ ಹನ್ನೆರಡಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂಡುಹಿಡಿಯಲು ಪಂಚಾಂಗ ನೋಡುವ ಯಾರಿಗಾದರೂ ಸಾಕಾಗುವ ಲೆಕ್ಕವಿದೆ: ಆ ದಿನದ ಸೂರ್ಯೋದಯ, ಸೂರ್ಯಾಸ್ತಗಳ ಸಮಯ ತೆಗೆದುಕೊಂಡು ಎರಡರ ನಟ್ಟನಡುವಿನ ಗಳಿಗೆ ಗುರುತಿಸಿ. ಮೇ ತಿಂಗಳಲ್ಲಿ ಕೊಲಂಬೊದಲ್ಲಿ ಸೂರ್ಯ ಹುಟ್ಟುವುದು ಸುಮಾರು 5.53ಕ್ಕೆ, ಮುಳುಗುವುದು ಸುಮಾರು 6.21ಕ್ಕೆ. ಹಗಲಿನ ಉದ್ದ 12 ಗಂಟೆ 28 ನಿಮಿಷ. ಅದರ ಅರ್ಧ, 6 ಗಂಟೆ 14 ನಿಮಿಷವನ್ನು ಸೂರ್ಯೋದಯಕ್ಕೆ ಕೂಡಿಸಿದರೆ 12.07. ಅಂದರೆ ವೆಸಾಕ್ ದಿನ ಗಡಿಯಾರದ ಹನ್ನೆರಡಕ್ಕೆ ಊಟ ಮುಗಿಸಿದರೂ ನೀವು ಗಡಿಯ ಈಚೆಗೇ ಇರುತ್ತೀರಿ.

ಆದರೆ ಇದನ್ನೇ ವರ್ಷವಿಡೀ ನಂಬಬೇಡಿ. ಅದೇ ಕೊಲಂಬೊದಲ್ಲಿ ನವೆಂಬರ್ ಮೊದಲ ವಾರ ಸೂರ್ಯ ನೆತ್ತಿಗೆ ಬರುವುದು 11.54ರ ಹೊತ್ತಿಗೆ. ಅಕ್ಟೋಬರ್ ಮೊದಲಿನಿಂದ ನವೆಂಬರ್ ಕೊನೆಯವರೆಗೆ, ಅಲ್ಲಿನವರು ವಪ್ ಮತ್ತು ಇಲ್ ಎನ್ನುವ ಪೋಯಗಳು ಬರುವ ಕಾಲದಲ್ಲಿ, ಹನ್ನೆರಡು ಬಡಿಯುವ ಮೊದಲೇ ನಡುಹಗಲು ಕಳೆದಿರುತ್ತದೆ. ಹನ್ನೆರಡಕ್ಕೆ ಐದು ನಿಮಿಷವಿದೆ ಎಂದು ಎಲೆಯ ಕೊನೆಯ ತುತ್ತು ಬಾಯಿಗಿಟ್ಟರೆ ನಿಮಗೆ ಗೊತ್ತಿಲ್ಲದೆಯೇ ಶೀಲ ಮೀರಿದಂತೆ. ಊರಿಗೆ ಬಂದು ಬೆಂಗಳೂರಿನಲ್ಲಿ ಇದೇ ನೇಮ ಹಿಡಿದರೆ ಆ ಭಯವಿಲ್ಲ: ಭಾರತದ ಗಡಿಯಾರ ಹೊಂದಿಸಿಕೊಂಡಿರುವ 82.5 ಡಿಗ್ರಿ ರೇಖಾಂಶಕ್ಕಿಂತ ಬೆಂಗಳೂರು ಸಾಕಷ್ಟು ಪಶ್ಚಿಮಕ್ಕಿದೆ. ಅಲ್ಲಿ ನಡುಹಗಲು ನವೆಂಬರಿನಲ್ಲಿ 12.03ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12.34ರವರೆಗೂ ಹೋಗುತ್ತದೆ. ಶ್ರೀಲಂಕೆಯ ಗಡಿಯಾರವೂ ಭಾರತದ್ದೇ ಸಮಯ ತೋರಿಸುವುದರಿಂದ ಎರಡೂ ಊರುಗಳ ಹನ್ನೆರಡು ಒಂದೇ ಎಂದು ಭಾವಿಸುವವರು ಬಹಳ. ನೀವು ಎಲ್ಲೇ ಇದ್ದರೂ 11.45ಕ್ಕೆ ಕೈತೊಳೆಯುವ ಅಭ್ಯಾಸವಿಟ್ಟುಕೊಂಡರೆ ಈ ಯಾವ ಲೆಕ್ಕವೂ ಬೇಕಾಗುವುದಿಲ್ಲ. ಎಣಿಕೆಗೆ ಬರುವುದು ಊಟಕ್ಕೆ ಕುಳಿತ ಹೊತ್ತಲ್ಲ, ಕೊನೆಯ ತುತ್ತು ನುಂಗಿದ ಹೊತ್ತು ಎಂಬುದು ನೆನಪಿರಲಿ. ತಟ್ಟೆಯಲ್ಲಿ ಅನ್ನ ಉಳಿದಿದ್ದರೂ ನಡುಹಗಲಾಯಿತೆಂದರೆ ಅಲ್ಲಿಗೆ ನಿಲ್ಲಿಸಬೇಕು.

ಮುಂದೆ ಹದಿನೆಂಟು ಗಂಟೆ ಊಟವಿಲ್ಲವಲ್ಲ ಎಂದು ಹನ್ನೊಂದೂವರೆಗೆ ಗಂಟಲಮಟ್ಟ ಉಂಡು, ಮಧ್ಯಾಹ್ನದ ಧರ್ಮೋಪದೇಶಕ್ಕೆ ತೂಕಡಿಸುವುದು ವಿಹಾರಗಳಲ್ಲಿ ದಿನನಿತ್ಯದ ನೋಟ. ಇದಕ್ಕೆ ಬುದ್ಧನ ಕಾಲದಲ್ಲೇ ಒಂದು ಹೆಸರಿತ್ತು. ಅಂಗುತ್ತರ ನಿಕಾಯದಲ್ಲಿ ಬುದ್ಧ ತನ್ನ ಉಪಾಸಕಿ ವಿಶಾಖೆಗೆ ಮೂರು ಬಗೆಯ ಉಪೋಸಥಗಳನ್ನು, ಅಂದರೆ ಈ ವ್ರತದಿನದ ಆಚರಣೆಗಳನ್ನು, ಹೇಳುತ್ತಾನೆ. ಮೊದಲನೆಯದು ಗೋವಳನ ಉಪೋಸಥ. ಸಂಜೆ ದನಗಳನ್ನು ಒಡೆಯರಿಗೆ ಒಪ್ಪಿಸಿದ ಗೋವಳ, ಇವತ್ತು ದನ ಅಲ್ಲಿ ಮೇಯ್ದವು, ಅಲ್ಲಿ ನೀರು ಕುಡಿದವು, ನಾಳೆ ಎಲ್ಲಿಗೆ ಹೊಡೆದುಕೊಂಡು ಹೋಗಲಿ ಎಂದು ಲೆಕ್ಕ ಹಾಕುತ್ತಾನೆ. ಹಾಗೆಯೇ ಕೆಲವರು ಉಪೋಸಥದ ದಿನ, ಇವತ್ತು ಇಂಥದ್ದು ತಿಂದೆ, ನಾಳೆ ಇಂಥದ್ದು ತಿನ್ನುತ್ತೇನೆ ಎಂದು ಆಸೆಯಲ್ಲೇ ದಿನ ಕಳೆಯುತ್ತಾರೆ. ಅದರಿಂದ ಹೆಚ್ಚಿನ ಫಲವಿಲ್ಲ ಎನ್ನುತ್ತಾನೆ. ಎರಡನೆಯದು ನಿಗಂಠರದ್ದು, ಅಂದರೆ ಜೈನರದ್ದು. ಬೌದ್ಧ ಗ್ರಂಥ ಅದನ್ನು ಟೀಕಿಸುತ್ತದೆ, ಆ ಕಾಲದ ಮತಗಳ ಪೈಪೋಟಿ ಅಲ್ಲಿ ಕಾಣುತ್ತದೆ. ಮೂರನೆಯದು ಆರ್ಯ ಉಪೋಸಥ. ಅದರಲ್ಲಿ ಉಪಾಸಕಿ ಒಂದೊಂದು ಶೀಲವನ್ನೂ, ಅರಹಂತರು ಬದುಕಿರುವವರೆಗೂ ಹೀಗಿರುತ್ತಾರೆ, ಇವತ್ತು ಈ ಹಗಲು ಈ ರಾತ್ರಿ ನಾನೂ ಹಾಗಿರುತ್ತೇನೆ ಎಂದು ನೆನೆಯುತ್ತಾಳೆ. ಇಡೀ ಅಟ ಸಿಲ್‌ನ ಕೀಲಿಕೈ ಆ ಒಂದು ಮಾತಿನಲ್ಲಿದೆ ಎಂದು ನಾನು ನಂಬುತ್ತೇನೆ.

ಜೈನರ ಮಾತು ಬಂದುದರಿಂದ ಒಂದು ಸಂಗತಿ. ಹಾಸನದವರಾದ ನಿಮಗೆ ಶ್ರವಣಬೆಳಗೊಳದ ಕಡೆಯ ಜೈನರು ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವುದು ತಿಳಿದಿರಬಹುದು. ಬೌದ್ಧರ ಈ ದಿನಗಳ ಹಿನ್ನೆಲೆಯೂ ಅಂಥದ್ದೇ. ಬೇರೆ ಮತಗಳ ಪರಿವ್ರಾಜಕರು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನ ಸೇರಿ ಧರ್ಮ ಹೇಳುತ್ತಾರೆ, ಜನ ಅವರ ಕಡೆ ಹೋಗುತ್ತಾರೆ, ನಮ್ಮ ಭಿಕ್ಷುಗಳೂ ಹಾಗೆ ಸೇರಬಾರದೇಕೆ ಎಂದು ಮಗಧದ ರಾಜ ಬಿಂಬಿಸಾರ ಬುದ್ಧನಲ್ಲಿ ಕೇಳಿದ್ದರಿಂದ ಇದು ಮೊದಲಾಯಿತು ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುತ್ತದೆ. ಶ್ರೀಲಂಕೆಯಲ್ಲಿ ಈಗ ಹುಣ್ಣಿಮೆ ಮಾತ್ರ ಸರ್ಕಾರಿ ರಜೆ. 1966ರಿಂದ 1971ರವರೆಗೆ ಭಾನುವಾರದ ರಜೆಯನ್ನೇ ತೆಗೆದು ತಿಂಗಳ ನಾಲ್ಕು ಪೋಯಗಳನ್ನು ವಾರದ ರಜೆ ಮಾಡಿದ್ದರು.

ಈಗ ಸಂಜೆಯ ಪಾನೀಯ. ನಿಮ್ಮ ಎರಡೂ ಆಯ್ಕೆಗಳು, ಎಳನೀರು ಮತ್ತು ಮಜ್ಜಿಗೆ, ಶ್ರೀಲಂಕೆಯ ಬೌದ್ಧರು ಅನುಸರಿಸುವ ಥೇರವಾದದ ಕಟ್ಟುನಿಟ್ಟಾದ ಪದ್ಧತಿಯಲ್ಲಿ ನಡೆಯುವುದಿಲ್ಲ. ಹಾಲು, ಮೊಸರು ವಿನಯದ ಪ್ರಕಾರ ಊಟದ ಪಂಕ್ತಿಗೇ ಸೇರಿದವು. ಮಜ್ಜಿಗೆ, ಹಾಲು ಹಾಕಿದ ಚಹಾ, ಹಾರ್ಲಿಕ್ಸ್‌ನಂಥವು ಎಲ್ಲವೂ ಅಲ್ಲೇ ಬರುತ್ತವೆ. ಹಣ್ಣಿನ ರಸಕ್ಕೆ ಅನುಮತಿಯಿದೆ, ಆದರೆ ಅಟ್ಠಕಥೆ ಒಂಬತ್ತು 'ಮಹಾಫಲ'ಗಳನ್ನು ಹೊರಗಿಡುತ್ತದೆ. ಬುದ್ಧ ಹೆಸರಿಸಿದ ಪಾನೀಯಗಳು ಮಾವು, ನೇರಳೆ, ಬಾಳೆ, ದ್ರಾಕ್ಷಿಯಂಥ ಸಣ್ಣ ಹಣ್ಣುಗಳಿಂದ ಆಗುವಂಥವು. ತಾಳೆ, ತೆಂಗು, ಹಲಸು, ಕುಂಬಳ, ಸೌತೆಯಂಥ ದೊಡ್ಡ ಕಾಯಿಗಳ ರಸ ಹೊಟ್ಟೆ ತುಂಬಿಸುವ ಆಹಾರಕ್ಕೆ ಸಮ ಎಂಬ ಎಣಿಕೆ. ಎಳನೀರು ಹೊರಗುಳಿಯುವುದು ತೆಂಗು ಆ ಪಟ್ಟಿಯಲ್ಲಿರುವುದರಿಂದ. ಸಣ್ಣ ಹಣ್ಣಿನ ರಸವನ್ನೂ ಬಟ್ಟೆಯಲ್ಲಿ ಸೋಸಿ, ತಿರುಳು ಬಾರದಂತೆ, ಒಲೆಯ ಮೇಲೆ ಕಾಯಿಸದೆ ಕುಡಿಯಬೇಕು. ಮಿಕ್ಸಿಯಲ್ಲಿ ಬಾಳೆಹಣ್ಣು ರುಬ್ಬಿ ಗಟ್ಟಿಯಾಗಿ ಕುಡಿದರೆ ಅದು ಊಟವೇ ಆಯಿತು.

ಹಾಗೆಂದು ಗಾಬರಿ ಬೇಡ. ಮಧ್ಯಾಹ್ನ ಮೂರರ ಸುಮಾರಿಗೆ ವಿಹಾರದಲ್ಲಿ 'ಗಿಲನ್‌ಪಸ' ಎಂದು ಕೊಡುತ್ತಾರೆ. ಹಾಲಿಲ್ಲದ ಶುಂಠಿ ಚಹಾ, ಕೊತ್ತಂಬರಿ ಕಷಾಯ, ಇಲ್ಲವೆ ಒಣಗಿಸಿದ ಬಿಲ್ವದ ಹೂವನ್ನು ಕುದಿಸಿ ಸೋಸಿದ 'ಬೆಲಿಮಲ್'. ಜೊತೆಗೆ ಬೈನೆ ಮರದ ರಸದಿಂದ ಮಾಡಿದ ಕಪ್ಪನೆಯ ಕಿತುಲ್ ಬೆಲ್ಲದ ಒಂದು ತುಂಡು. ಅದನ್ನು ಚಹಾದಲ್ಲಿ ಕದಡುವುದಿಲ್ಲ. ಒಂದು ಚೂರು ಕಚ್ಚಿ, ಮೇಲೊಂದು ಗುಟುಕು. ಈ ಎಲ್ಲವೂ ಔಷಧದ ಲೆಕ್ಕದಲ್ಲಿ ಬರುತ್ತವೆ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಎಂಬ ಐದಕ್ಕೆ ಬುದ್ಧನೇ ನಡುಹಗಲಿನ ನಂತರವೂ ಒಪ್ಪಿಗೆ ಕೊಟ್ಟಿದ್ದಾನೆ.

ನಿಮ್ಮ ಸಕ್ಕರೆ ಕಾಯಿಲೆಗೆ ಇದೇ ಐದರ ಪಟ್ಟಿ ಬಹಳ ಮುಖ್ಯ. ಮಾತ್ರೆ, ಇನ್ಸುಲಿನ್, ನೀರು ಯಾವುದಕ್ಕೂ ಶೀಲದ ಅಡ್ಡಿಯಿಲ್ಲ. ಮಧ್ಯಾಹ್ನದ ಮೇಲೆ ಕೈ ನಡುಗಿ, ಬೆವರು ಬಂದು, ಎದೆ ಹೊಡೆದುಕೊಂಡರೆ ಸಕ್ಕರೆ ಇಳಿದಿದೆ ಎಂದರ್ಥ. ಕೂಡಲೇ ಬೆಲ್ಲ ಅಥವಾ ಸಕ್ಕರೆ ನೀರು ಕುಡಿಯಿರಿ, ಅದರಿಂದ ಶೀಲ ಮುರಿಯುವುದಿಲ್ಲ. ಅಷ್ಟಕ್ಕೂ ಸುಧಾರಿಸದಿದ್ದರೆ ಅನ್ನವನ್ನೇ ಉಣ್ಣಿ. ಆರನೆಯ ಶೀಲ ಆ ದಿನಕ್ಕೆ ಮುಗಿಯಿತು, ಉಳಿದವು ಉಳಿದವು. ಆದರೆ ರಾತ್ರಿಯ ಊಟದೊಂದಿಗೆ ತೆಗೆದುಕೊಳ್ಳುವ ಮಾತ್ರೆಯನ್ನು ಊಟವಿಲ್ಲದೆ ನುಂಗುವುದು ಅಪಾಯ. ಯಾವುದನ್ನು ಬಿಡಬೇಕು, ಯಾವುದನ್ನು ಬೆಳಗಿನ ಊಟಕ್ಕೆ ತರಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು, ವೆಸಾಕ್‌ಗೆ ವಾರ ಮೊದಲೇ ಕೇಳಿಟ್ಟುಕೊಳ್ಳಿ. ಅವರು ಬೇಡವೆಂದರೆ ಅದಕ್ಕೂ ದಾರಿ ಇದೆ. ಶ್ರೀಲಂಕೆಯಲ್ಲಿ 'ಆಜೀವಟ್ಠಮಕ' ಶೀಲವನ್ನೂ ಕೊಡುತ್ತಾರೆ. ಮೈಯ ಮೂರು, ಮಾತಿನ ನಾಲ್ಕು, ಸರಿಯಾದ ಜೀವನೋಪಾಯ ಒಂದು, ಹೀಗೆ ಎಂಟು. ಅದರಲ್ಲಿ ಊಟದ ಹೊತ್ತಿನ ಕಟ್ಟಿಲ್ಲ. ಬೆಳಗ್ಗೆಯೇ ಭಿಕ್ಷುಗಳಿಗೆ ಅರಿಕೆ ಮಾಡಿಕೊಂಡರೆ ಸಾಕು, ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ.

ಇನ್ನೊಂದು ಅನುಕೂಲವಿದೆ. ಬೆಳಗ್ಗೆ ಆರರ ಸುಮಾರಿಗೆ ಶೀಲ ಪಡೆದವರಲ್ಲಿ ಬಹುಪಾಲು ಜನ ಸಂಜೆ ಆರರ ಹೊತ್ತಿಗೆ ಅದನ್ನು ಬಿಟ್ಟು ಮನೆಗೆ ಹೋಗುತ್ತಾರೆ. ಹಾಗೇ ಎದ್ದು ಹೋಗುವಂತಿಲ್ಲ. ಭಿಕ್ಷುಗಳ ಎದುರು ಕೂತು ಪಂಚಶೀಲವನ್ನು ಮತ್ತೆ ಹೇಳಬೇಕು. ಅದಕ್ಕೆ 'ಸಿಲ್ ಪವಾರಣ' ಎನ್ನುತ್ತಾರೆ. ಆಮೇಲೆ ರಾತ್ರಿಯೂಟಕ್ಕೆ ಅಡ್ಡಿಯಿಲ್ಲ. ಸುತ್ತದಲ್ಲಿರುವುದು ಒಂದು ಹಗಲು ಒಂದು ರಾತ್ರಿ ಎಂಬ ಪೂರ್ತಿ ಅವಧಿಯೇ, ಆದ್ದರಿಂದ ಆರೋಗ್ಯ ಗಟ್ಟಿಯಿರುವವರು ಮರುದಿನದ ಅರುಣೋದಯದವರೆಗೆ ಇರುವುದು ಸರಿ ಎಂಬುದು ನನ್ನ ಅಭಿಪ್ರಾಯ. ನಿಮಗೆ ಮಾತ್ರ ಮೊದಲ ಸಲ ಹಗಲಿನ ಶೀಲವೇ ಸಾಕು. 11.45ಕ್ಕೆ ಉಂಡು ಏಳು ಗಂಟೆಗೆ ಊಟವೆಂದರೆ ನಡುವೆ ಏಳು ಗಂಟೆ ಚಿಲ್ಲರೆ ಮಾತ್ರ.

ಬಿಳಿ ಸೀರೆಗೆ ಬರುತ್ತೇನೆ. ಎಂಟು ಶೀಲಗಳಲ್ಲಿ ಬಣ್ಣದ ಹೆಸರೇ ಇಲ್ಲ. ಪಾಲಿ ಗ್ರಂಥಗಳು ಗೃಹಸ್ಥ ಉಪಾಸಕ, ಉಪಾಸಿಕೆಯರನ್ನು 'ಓದಾತವಸನ', ಬಿಳಿ ಬಟ್ಟೆಯವರು ಎಂದು ಕರೆಯುತ್ತವೆ; ಕಾವಿ ಉಟ್ಟ ಭಿಕ್ಷುವಿನ ಪಕ್ಕದಲ್ಲಿ ಮನೆವಂದಿಗರ ಗುರುತು ಅದು. ಶ್ರೀಲಂಕೆಯಲ್ಲಿ ಹೊಸ ಮದುಮಗಳೂ, ಎಪ್ಪತ್ತರ ಅಜ್ಜಿಯೂ, ಶಾಲೆಯ ಹುಡುಗಿಯೂ ಪೋಯ ದಿನ ಬಿಳಿಯಲ್ಲೇ ಬರುತ್ತಾರೆ. ನಮ್ಮಲ್ಲಿ ಬಿಳಿ ಸೀರೆಗೆ ಅಂಟಿರುವ ವೈಧವ್ಯದ ನೆನಪು ಎಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತು. ಆ ಅಂಗಳದಲ್ಲಿ ಅದು ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಧೈರ್ಯವಾಗಿ ಉಡಿ. ಅತ್ತೆಯವರಿಗೆ ಕಸಿವಿಸಿಯಾಗುತ್ತದೆ ಎಂದಾದರೆ ಸಣ್ಣ ಕೆನೆಬಣ್ಣದ ಅಂಚಿನ ಹತ್ತಿ ಸೀರೆಯೂ ನಡೆಯುತ್ತದೆ. ಜರಿ ಬೇಡ, ತೆಳು ಬಟ್ಟೆ ಬೇಡ, ಭುಜ ಮುಚ್ಚುವ ತೋಳಿನ ರವಿಕೆ ಇರಲಿ. ದಿನವಿಡೀ ನೆಲದ ಮೇಲೆ ಕೂರುವುದರಿಂದ ಗರಿಗರಿ ಗಂಜಿ ಹಾಕಿದ ಸೀರೆಗಿಂತ ಮೆತ್ತನೆಯದು ಸುಖ. ಕೂರಲು ಮಡಿಚಿದ ಬಿಳಿ ಹೊದಿಕೆ ಒಯ್ಯಿರಿ. ಮಂಡಿ ನೋವಿದ್ದರೆ ಗೋಡೆಯ ಬದಿಯಲ್ಲಿ ಸಾದಾ ಕುರ್ಚಿ ಕೇಳಿ. ಎಂಟನೆಯ ಶೀಲ ತಡೆಯುವುದು ಎತ್ತರದ, ವೈಭವದ ಹಾಸಿಗೆ ಆಸನಗಳನ್ನು.

ಒಡವೆಯ ಮಾತು ಬರುವುದು ಏಳನೆಯ ಶೀಲದಲ್ಲಿ. ಹೂಮಾಲೆ, ಸುಗಂಧ, ಲೇಪನ, ಅಲಂಕಾರ ಬಿಡಬೇಕು ಎಂದಿದೆ. ಮಹಾಲತೆ ಎಂಬ ಭಾರಿ ಒಡವೆಯ ಒಡತಿಯಾಗಿದ್ದ ವಿಶಾಖೆ ವಿಹಾರಕ್ಕೆ ಹೋಗುವಾಗ ಅದನ್ನು ಕಳಚಿ ದಾಸಿಯ ಕೈಗೆ ಕೊಡುತ್ತಿದ್ದಳು. ಒಮ್ಮೆ ದಾಸಿ ಅದನ್ನು ಅಲ್ಲೇ ಮರೆತು ಬಂದ ಕಥೆ ಧಮ್ಮಪದ ಅಟ್ಠಕಥೆಯಲ್ಲಿದೆ. ಹಾಗಾಗಿ ಸರ, ಜುಮುಕಿ, ಬಂಗಾರದ ಬಳೆ ಮನೆಯಲ್ಲಿರಲಿ. ಅತ್ತರು, ಪೌಡರ್ ಬೇಡ. ಸೋಪು, ನೋವಿನ ಮುಲಾಮು ಆಗಬಹುದು. ದೇವಕಣಗಿಲೆಯೋ ಮಲ್ಲಿಗೆಯೋ ಕೈಯಲ್ಲಿ ಹಿಡಿದು ಹೋಗಿ ಬುದ್ಧನ ಮುಂದಿಡಿ, ಮುಡಿಗೆ ಬೇಡ. ತಾಳಿಯನ್ನು ತೆಗೆಯಬೇಕಿಲ್ಲ ಎಂದು ನಾನು ಹೇಳುತ್ತೇನೆ. ಶೀಲ ನೋಡುವುದು ಚೆಂದಕ್ಕಾಗಿ ತೊಟ್ಟಿದ್ದೀರಾ ಎಂಬುದನ್ನು. ನೀವು ತಾಳಿ ಧರಿಸುವುದು ಚೆಂದಕ್ಕಲ್ಲ. ರವಿಕೆಯೊಳಗೆ ಸೇರಿಸಿಕೊಂಡರೆ ನಿಮ್ಮ ಕೈಯೂ ಅದರ ಕಡೆ ಹೋಗುವುದಿಲ್ಲ. ಹಣೆಯ ಕುಂಕುಮಕ್ಕೂ ಇದೇ ಮಾತು.

ಮನೆಯವರೊಂದಿಗೆ ಮೊದಲೇ ಆಡಿಕೊಳ್ಳಬೇಕಾದ ವಿಷಯ ಒಂದಿದೆ. ನಿತ್ಯದ ಪಂಚಶೀಲದಲ್ಲಿ ಮೂರನೆಯದು ವ್ಯಭಿಚಾರ ಬಿಡುವುದು. ಅಟ ಸಿಲ್‌ನಲ್ಲಿ ಅದು ಪೂರ್ಣ ಬ್ರಹ್ಮಚರ್ಯವಾಗುತ್ತದೆ, ಶೀಲ ಇರುವಷ್ಟು ಹೊತ್ತು ದಾಂಪತ್ಯವೂ ಇಲ್ಲ.

ವೆಸಾಕ್‌ನ ತೊಡಕು ಬೇರೆಯೇ ಇದೆ. ಆ ಸಂಜೆ ಕೊಲಂಬೊ ಪೂರ್ತಿ ದೀಪ. ಗಂಗಾರಾಮಯದ ಸುತ್ತ, ಬೈರಾ ಕೆರೆಯ ದಂಡೆಯಲ್ಲಿ ಕಾಗದದ ಗೂಡುದೀಪಗಳು, ಜಾತಕ ಕಥೆಗಳ ಚಿತ್ರ ಹೊತ್ತ 'ತೊರಣ'ಗಳು, ಭಕ್ತಿಗೀತೆ ಹಾಡುವ ಮಕ್ಕಳ ತಂಡಗಳು, ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಊಟ, ಐಸ್‌ಕ್ರೀಮ್ ಹಂಚುವ 'ದನ್ಸಲ್'ಗಳು. ಏಳನೆಯ ಶೀಲದ ಮೊದಲ ಅರ್ಧ ಕುಣಿತ, ಹಾಡು, ವಾದ್ಯ, ನೋಟಗಳನ್ನು ಬಿಡುವುದು. ಬುದ್ಧನ ಕುರಿತ ಹಾಡಾದರೂ ಹಾಡು ಹಾಡೇ. ಶೀಲದಲ್ಲಿದ್ದುಕೊಂಡೇ, ಬಿಳಿ ಸೀರೆಯಲ್ಲೇ ದೀಪ ನೋಡಲು ಹೊರಡುವವರನ್ನು ನೀವು ಕಾಣುತ್ತೀರಿ, ಅವರನ್ನು ಅನುಸರಿಸಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವ ಮನಸ್ಸಿದ್ದರೆ ಆರಕ್ಕೆ ಪವಾರಣ ಮುಗಿಸಿ, ಆಮೇಲೆ ಧಾರಾಳವಾಗಿ ಹೋಗಿ ಬನ್ನಿ, ದನ್ಸಲ್‌ನಲ್ಲಿ ಕರೆದರೆ ಉಣ್ಣಿ.

ರಜೆಗೆ ಊರಿಗೆ ಬಂದಾಗ ಮುಂದುವರಿಸುವ ಆಸೆಯಾದರೆ ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೇ ಥೇರವಾದ ಸಂಪ್ರದಾಯದ್ದು. ಬೈಲಕುಪ್ಪೆಯ ಟಿಬೆಟಿಯನ್ನರಲ್ಲಿಯೂ ಒಂದು ದಿನದ ಎಂಟು ವ್ರತಗಳಿವೆ, ಆದರೆ ಕಟ್ಟು ಬೇರೆ: ಬೆಳಕು ಹರಿಯುವ ಮೊದಲೇ ಕೈಗೊಳ್ಳಬೇಕು, ನಡುಹಗಲಿನೊಳಗೆ ಒಂದೇ ಸಲ ಕೂತು ಉಣ್ಣಬೇಕು, ಎದ್ದರೆ ಮತ್ತೆ ಊಟವಿಲ್ಲ. ಎರಡನ್ನೂ ಬೆರೆಸಬೇಡಿ. ಹತ್ತಿರ ಭಿಕ್ಷುಗಳಿಲ್ಲದಿದ್ದರೆ ಮನೆಯಲ್ಲೇ ಮುಂಜಾನೆ ಸ್ನಾನ ಮಾಡಿ, ಬುದ್ಧನ ಚಿತ್ರದ ಮುಂದೆ ತ್ರಿಶರಣ ಹೇಳಿ, ಎಂಟು ಶೀಲಗಳನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿ ಕೈಗೊಳ್ಳಬಹುದು; ಪಾಲಿ ನಾಲಗೆಗೆ ಹೊರಳದಿದ್ದರೆ ಕನ್ನಡದಲ್ಲೇ ಹೇಳಿ. ಎಲ್ಲಿಯವರೆಗೆ ಎಂಬುದನ್ನು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಿ. ಸಂಜೆಯವರೆಗೆಂದು ಹಿಡಿದಿದ್ದರೆ ಸಂಜೆ ಪಂಚಶೀಲ ಹೇಳಿ ಬಿಡಿ, ಹಗಲು ರಾತ್ರಿಗೆಂದು ಹಿಡಿದಿದ್ದರೆ ಮರುದಿನದ ಅರುಣೋದಯಕ್ಕೆ ಅದು ತಾನೇ ಮುಗಿಯುತ್ತದೆ.